ಸೂರ್ಯ ಮೊದಲು ಚನ್ನರಾಯಪಟ್ಟಣದಲ್ಲಿ ಮುಳುಗುತ್ತಾನೆ

ರಂಜಾನ್ ತಿಂಗಳಲ್ಲಿ ದಿನಕ್ಕೊಂದು ಸಣ್ಣ ವಿಡಿಯೋ ಮಾಡ್ತೀನಿ. ಒಂದು ನಿಮಿಷದ್ದು, ಕನ್ನಡದಲ್ಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿರೋ ನಮ್ಮ ನೆಂಟರು, ಅವರ ಅಕ್ಕಪಕ್ಕದವರು, ಬೆಂಗಳೂರಿಗೆ ಕೆಲಸಕ್ಕೆ ಹೋದ ಅವರ ಮಕ್ಕಳು ನೋಡ್ತಾರೆ. ವಿಡಿಯೋದಲ್ಲಿ ನಾನು ಏನು ಹೇಳ್ತೀನಿ ಅನ್ನೋದನ್ನ ಎಷ್ಟು ಜನ ಕೊನೇವರೆಗೂ ಕೇಳ್ತಾರೋ ಗೊತ್ತಿಲ್ಲ. ಆದರೆ ಅದರ ಕೆಳಗೆ ಬರೆಯೋ ಒಂದು ಸಾಲನ್ನ ಎಲ್ಲರೂ ಓದ್ತಾರೆ. ಅದರಲ್ಲಿ ಇರೋದು ಎರಡೇ ಸಂಖ್ಯೆ: ಸಹರಿ ಎಷ್ಟಕ್ಕೆ ಮುಗಿಯುತ್ತೆ, ಇಫ್ತಾರ್ ಎಷ್ಟಕ್ಕೆ.

ಇಷ್ಟು ಸಣ್ಣ ವಿಷಯಕ್ಕೆ ಫೋನ್ ಯಾಕೆ ಬೇಕು, ಮಸೀದಿ ಇಲ್ವಾ ಅಂತ ಕೇಳಬಹುದು. ಸಂಜೆ ಇದೆ. ಮಗ್ರಿಬ್‌ನ ಅಜಾನ್ ಊರೊಳಗೆ ಇರುವವರಿಗೆ ಕೇಳುತ್ತೆ. ಬೆಳಗಿನ ಕಥೆ ಬೇರೆ. ಶಬ್ದ ಮಾಲಿನ್ಯ ನಿಯಂತ್ರಣದ 2000ದ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದನ್ನ ಕಟ್ಟುನಿಟ್ಟು ಮಾಡಿದ ಮೇಲೆ ನಮ್ಮ ಕಡೆ ಫಜ್ರ್ ಅಜಾನ್ ಮೈಕಿನಲ್ಲಿ ಕೇಳೋದು ನಿಂತಿದೆ. ಸಹರಿ ಮುಗಿಯೋದು ಐದೂಕಾಲು, ಐದೂವರೆ ಹೊತ್ತಿಗೆ. ಹಾಗಾಗಿ ಆ ಹೊತ್ತಲ್ಲಿ ಮನೆಮನೆಯಲ್ಲಿ ಜನ ನೋಡೋದು ಗೋಡೆ ಮೇಲಿನ ವೇಳಾಪಟ್ಟಿ, ಇಲ್ಲಾ ಫೋನು. ಅವೆರಡರಲ್ಲಿ ಇರೋ ಸಂಖ್ಯೆ ಯಾವ ಊರಿನದು ಅಂತ ಕೇಳೋರು ಕಮ್ಮಿ.

2025ರ ರಂಜಾನ್ ಮಾರ್ಚ್ 2ರಂದು ಶುರುವಾಯ್ತು. ನಮ್ಮ ಖಾಲಾ ಇರೋದು ಹೊಳೆನರಸೀಪುರದ ಹೊರಗೆ, ತೋಟದ ಮನೇಲಿ. ಅಲ್ಲಿಗೆ ಅಜಾನ್ ಕೇಳಲ್ಲ. ಬೆಂಗಳೂರಿನಿಂದ ಯಾರೋ ತಂದುಕೊಟ್ಟ ಒಂದು ವೇಳಾಪಟ್ಟಿಯನ್ನ ಅಡುಗೆಮನೆ ಬಾಗಿಲಿಗೆ ಅಂಟಿಸಿಕೊಂಡಿದ್ದರು. ಅಂದವಾದ ಕಾಗದ, ಹಸಿರು ಅಂಚು, ಕೆಳಗೆ ಅಂಗಡಿಯ ಜಾಹೀರಾತು. ಮೊದಲ ದಿನದ ಇಫ್ತಾರ್ 6:31 ಅಂತ ಇತ್ತು. ಅಂಗಡಿಯವರದೇನೂ ತಪ್ಪಿಲ್ಲ, ಬೆಂಗಳೂರಿಗೆ ಅದು ಸರಿಯಾದ ಲೆಕ್ಕ. ಅಲ್ಲಿ ಅವತ್ತು ಸೂರ್ಯ ಮುಳುಗಿದ್ದು 6:29ಕ್ಕೆ, ಎರಡು ನಿಮಿಷ ಮುನ್ನೆಚ್ಚರಿಕೆಗೆ ಸೇರಿಸಿದ್ದಾರೆ. ಆದರೆ ಹೊಳೆನರಸೀಪುರದಲ್ಲಿ ಅವತ್ತು ಸೂರ್ಯ ಮುಳುಗಿದ್ದು 6:34ಕ್ಕೆ. ಖಾಲಾ ಖರ್ಜೂರ ಬಾಯಿಗಿಟ್ಟಾಗ ಸೂರ್ಯ ಇನ್ನೂ ತೆಂಗಿನಮರಗಳ ಹಿಂದೆ ಇದ್ದ.

ಅವರು ಹೀಗೆ ಒಂಬತ್ತು ದಿನ ಉಪವಾಸ ಬಿಟ್ಟಿದ್ದರು. ಹತ್ತನೇ ದಿನ ನಾನು ಅಲ್ಲಿಗೆ ಹೋದಾಗ ಬಾಗಿಲ ಮೇಲಿನ ಕಾಗದ ಕಣ್ಣಿಗೆ ಬಿತ್ತು. 'ಮೂರು ನಿಮಿಷಕ್ಕೆ ಏನಾಗುತ್ತೆ ಬಿಡು ಬೇಟಾ' ಅಂದರು ಮೊದಲು. ಆಮೇಲೆ ಅವರೇ ಸುಮ್ಮನಾದರು. ಯಾಕಂದ್ರೆ ನಿಯಮ ಅವರಿಗೂ ಗೊತ್ತು. ಸೂರ್ಯ ಮುಳುಗಿದ ಅಂತ ಪ್ರಾಮಾಣಿಕವಾಗಿ ನಂಬಿ ತಿಂದು, ಆಮೇಲೆ ಮುಳುಗಿರಲಿಲ್ಲ ಅಂತ ಖಚಿತವಾದರೆ ಪಾಪ ಇಲ್ಲ, ಆದರೆ ಆ ದಿನದ ರೋಜಾವನ್ನ ಮತ್ತೆ ಇಡಬೇಕು. ಅದಕ್ಕೆ ಕಜಾ ಅಂತಾರೆ. ಅರವತ್ತೆರಡು ವರ್ಷದ, ಶುಗರ್ ಮಾತ್ರೆ ತಗೊಳ್ಳೋ ಹೆಂಗಸಿಗೆ ಒಂಬತ್ತು ದಿನ ಅಂದರೆ ಕಡಿಮೆಯೇನಲ್ಲ.

ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದು ತುಂಬಾ ಸರಳ. ಭೂಮಿ ತನ್ನ ಸುತ್ತ 360 ಡಿಗ್ರಿ ತಿರುಗೋಕೆ 24 ಗಂಟೆ ತಗೊಳ್ಳುತ್ತೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಬೆಂಗಳೂರು ಇರೋದು ಸುಮಾರು 77.6 ಡಿಗ್ರಿ ರೇಖಾಂಶದಲ್ಲಿ, ಹಾಸನ 76.1ರಲ್ಲಿ. ಒಂದೂವರೆ ಡಿಗ್ರಿ ಅಂತರ, ಆರು ನಿಮಿಷ. ನಮ್ಮೆಲ್ಲರ ಗಡಿಯಾರ ಒಂದೇ ಭಾರತೀಯ ಕಾಲಮಾನದಲ್ಲಿ ಓಡುತ್ತೆ, ಆದರೆ ಸೂರ್ಯ ಗಡಿಯಾರ ನೋಡಿಕೊಂಡು ಮುಳುಗಲ್ಲ. ಪೂರ್ವದ ಊರಿನಲ್ಲಿ ಮೊದಲು, ಪಶ್ಚಿಮದಲ್ಲಿ ಆಮೇಲೆ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ಅಂದರೆ ಪೂರ್ವ–ಪಶ್ಚಿಮವಾಗಿ ಸುಮಾರು 108 ಕಿಲೋಮೀಟರ್. ಹಾಗಾಗಿ ನೇರ ಪಶ್ಚಿಮಕ್ಕೆ 27 ಕಿಲೋಮೀಟರ್ ಹೋದ ಹಾಗೆಲ್ಲ ಒಂದು ನಿಮಿಷ ತಡ ಅಂತ ನೆನಪಿಟ್ಟುಕೊಂಡರೆ ಸಾಕು.

ಇಲ್ಲೊಂದು ಸ್ವಾರಸ್ಯ ಇದೆ. ಖಾಲಾ ಅದೇ ಬೆಂಗಳೂರಿನ ಕಾಗದ ನೋಡಿ ಸಹರಿ ಮುಗಿಸ್ತಿದ್ದರಲ್ಲ, ಅದರಿಂದ ಏನೂ ತೊಂದರೆ ಆಗಿಲ್ಲ. ಬೆಂಗಳೂರಲ್ಲಿ ಬೆಳಕು ಮೊದಲೇ ಹರಿಯುತ್ತೆ, ಹಾಗಾಗಿ ಅಲ್ಲಿನ ಹೊತ್ತಿಗೆ ಊಟ ನಿಲ್ಲಿಸಿದವರು ಇಲ್ಲಿ ಐದಾರು ನಿಮಿಷ ಮುಂಚೆಯೇ ನಿಲ್ಲಿಸಿದ ಹಾಗಾಯ್ತು. ಬೆಂಗಳೂರಿನ ಪಟ್ಟಿ ಹಾಸನದವರನ್ನ ಬೆಳಗ್ಗೆ ಕಾಪಾಡುತ್ತೆ, ಸಂಜೆ ಕೈಬಿಡುತ್ತೆ. ಮಂಗಳೂರಿನ ಪಟ್ಟಿ ಇದರ ತದ್ವಿರುದ್ಧ. ಮಂಗಳೂರು ಹಾಸನಕ್ಕಿಂತ ಐದು ನಿಮಿಷ ಹಿಂದೆ. ಅಲ್ಲಿ ಓದೋ ಹುಡುಗರು ರಂಜಾನ್‌ಗೆ ಊರಿಗೆ ಬಂದು ಅದೇ ಪಟ್ಟಿ ಹಿಡಿದುಕೊಂಡರೆ ಸಂಜೆ ಐದು ನಿಮಿಷ ಸುಮ್ಮನೆ ಕಾಯ್ತಾರೆ, ಅದು ಪರವಾಗಿಲ್ಲ. ಆದರೆ ಬೆಳಗ್ಗೆ ಇಲ್ಲಿ ಫಜ್ರ್ ಆದಮೇಲೂ ಐದು ನಿಮಿಷ ತಿಂತಾ ಕೂತಿರ್ತಾರೆ.

ಇನ್ನು ನಮ್ಮ ನಾಲ್ಕು ಊರುಗಳ ಮಾತು. ನಾಲ್ಕಕ್ಕೂ ಬೇರೆ ಬೇರೆ ಸಾಲು ಬರೆಯಬೇಕಾ ಅಂತ ನಾನು ಮೊದಲ ವರ್ಷವೇ ಲೆಕ್ಕ ಹಾಕಿ ನೋಡಿದ್ದೆ. ಪೂರ್ವದಲ್ಲಿರೋದು ಚನ್ನರಾಯಪಟ್ಟಣ, ಸುಮಾರು 76.39 ಡಿಗ್ರಿ. ಆಮೇಲೆ ಹೊಳೆನರಸೀಪುರ 76.24, ಹಾಸನ 76.10, ಎಲ್ಲಕ್ಕಿಂತ ಪಶ್ಚಿಮದಲ್ಲಿ ಅರಕಲಗೂಡು 76.06. ಎರಡು ತುದಿಗಳ ನಡುವೆ ಡಿಗ್ರಿಯ ಮೂರನೇ ಒಂದು ಭಾಗ. ಅಂದರೆ ಚನ್ನರಾಯಪಟ್ಟಣದಲ್ಲಿ ಸೂರ್ಯ ಮುಳುಗಿ ಸುಮಾರು 80 ಸೆಕೆಂಡ್ ಆದಮೇಲೆ ಅರಕಲಗೂಡಿನಲ್ಲಿ ಮುಳುಗುತ್ತಾನೆ. ಹಾಸನಕ್ಕೂ ಅರಕಲಗೂಡಿಗೂ ಹತ್ತು ಸೆಕೆಂಡ್ ವ್ಯತ್ಯಾಸ, ಅದನ್ನ ಮರೆತುಬಿಡಬಹುದು.

80 ಸೆಕೆಂಡಿಗೆ ನಾಲ್ಕು ಸಾಲು ಬೇಕಿಲ್ಲ. ಆದರೆ ಒಂದೇ ಸಾಲು ಬರೆಯೋದಾದರೆ ಅದನ್ನ ಹಾಸನದ ಲೆಕ್ಕದಲ್ಲಿ ಬರೆದರೆ ಸಾಲದು. ಇಫ್ತಾರ್‌ಗೆ ಎಲ್ಲರಿಗಿಂತ ಕೊನೆಗೆ ಸೂರ್ಯ ಮುಳುಗೋ ಊರನ್ನ ಹಿಡೀಬೇಕು, ಸಹರಿಗೆ ಎಲ್ಲರಿಗಿಂತ ಮೊದಲು ಬೆಳಕು ಹರಿಯೋ ಊರನ್ನ. ಮಾರ್ಚ್ 2ರದ್ದನ್ನೇ ತಗೊಳ್ಳಿ. ಅರಕಲಗೂಡಿನಲ್ಲಿ ಸೂರ್ಯಾಸ್ತ 6:35 ಆಗೋಕೆ ಕೆಲವೇ ಸೆಕೆಂಡ್ ಇದ್ದಾಗ. ಅದನ್ನ ಮೇಲಕ್ಕೆ ದುಂಡಗೆ ಮಾಡಿ 6:35 ಅಂತ ಇಟ್ಟೆ. ಚನ್ನರಾಯಪಟ್ಟಣದಲ್ಲಿ ಫಜ್ರ್ ಶುರುವಾಗೋದು 5:29ಕ್ಕೆ ಸ್ವಲ್ಪ ಆದಮೇಲೆ. ಅದನ್ನ ಕೆಳಕ್ಕೆ ಇಳಿಸಿ 5:29. ಎರಡನ್ನೂ ಹತ್ತಿರದ ನಿಮಿಷಕ್ಕೆ ಅಂತ ಒಂದೇ ಕಡೆ ದುಂಡಗೆ ಮಾಡಬಾರದು. ಸಂಜೆಯದ್ದು ಯಾವಾಗಲೂ ಮುಂದಕ್ಕೆ, ಬೆಳಗಿನದ್ದು ಯಾವಾಗಲೂ ಹಿಂದಕ್ಕೆ.

ಅದರ ಮೇಲೆ ಎರಡೆರಡು ನಿಮಿಷ ಮುನ್ನೆಚ್ಚರಿಕೆ. ಗಡಿಯಾರಗಳು ಎಲ್ಲರ ಮನೆಯಲ್ಲೂ ಒಂದೇ ಥರ ಇರಲ್ಲ ಅನ್ನೋದಕ್ಕೆ. ಕೆಲವರು ಐದು, ಹತ್ತು ನಿಮಿಷ ಸೇರಿಸ್ತಾರೆ, ನನಗೆ ಅದು ಸರಿ ಕಾಣಲ್ಲ. ಸಹರಿಯನ್ನ ತಡವಾಗಿ ಮಾಡಿ, ಇಫ್ತಾರ್‌ನ ಸೂರ್ಯ ಮುಳುಗಿದ ಕೂಡಲೇ ಮಾಡಿ ಅನ್ನೋದೇ ಪ್ರವಾದಿಯವರ ಸುನ್ನತ್. ಬೇಕಿಲ್ಲದೆ ಜನರನ್ನ ಹಸಿವಿನಲ್ಲಿ ಕಾಯಿಸೋದು ಭಕ್ತಿ ಅಲ್ಲ. ಹಾಗಾಗಿ ಅವತ್ತಿನ ಸಾಲು ಹೀಗಿತ್ತು:

ಮಾರ್ಚ್ 2. ಸಹರಿ ಮುಕ್ತಾಯ 5:27. ಇಫ್ತಾರ್ 6:37. ಚನ್ನರಾಯಪಟ್ಟಣ, ಹೊಳೆನರಸೀಪುರ, ಹಾಸನ, ಅರಕಲಗೂಡಿಗೆ ಮಾತ್ರ.

'ಮಾತ್ರ' ಅನ್ನೋ ಪದದ ಮೇಲೆ ನನಗೆ ಬಹಳ ಪ್ರೀತಿ. ಅದು ಸಾಲದು ಅಂತ ತಿಂಗಳಿಡೀ ಅದರ ಕೆಳಗೆ ಎರಡನೇ ಸಾಲನ್ನೂ ಅಂಟಿಸಿಟ್ಟಿರ್ತೀನಿ: ಬೆಂಗಳೂರಿನಲ್ಲಿದ್ದರೆ ಈ ಸಹರಿ ಹೊತ್ತನ್ನ ಪಾಲಿಸಬೇಡಿ, ಮಂಗಳೂರಿನಲ್ಲಿದ್ದರೆ ಈ ಇಫ್ತಾರ್ ಹೊತ್ತನ್ನ ಪಾಲಿಸಬೇಡಿ. ಯಾಕೆ ಅಂತ ಈಗ ನಿಮಗೇ ಗೊತ್ತಾಗಿರುತ್ತೆ. 5:27ಕ್ಕೆ ಬೆಂಗಳೂರಲ್ಲಿ ಫಜ್ರ್ ಆಗಿ ಮೂರು ನಿಮಿಷ ಆಗಿರುತ್ತೆ, 6:37ಕ್ಕೆ ಮಂಗಳೂರಿನ ಕಡಲ ಮೇಲೆ ಸೂರ್ಯ ಇನ್ನೂ ಕಾಣ್ತಿರ್ತಾನೆ.

ಒಂದು ದಿನದ ಸಾಲನ್ನ ಮರುದಿನಕ್ಕೂ ಬಳಸಬಹುದಾ? ಸಂಜೆಯದನ್ನ ಬಳಸಬಹುದು ಅನ್ನಿಸುತ್ತೆ. 2025ರ ರಂಜಾನ್ ಇಡೀ ತಿಂಗಳು ಹಾಸನದ ಸೂರ್ಯಾಸ್ತ ಅಲುಗಾಡಿದ್ದು ಎರಡೇ ನಿಮಿಷ. ಮಾರ್ಚ್ 2ರಂದು 6:35, ಮಾರ್ಚ್ 30ರಂದು 6:37. ಆದರೆ ಫಜ್ರ್ ನೋಡಿ. ಮಾರ್ಚ್ 2ರಂದು 5:30 ಇದ್ದದ್ದು ಮಾರ್ಚ್ 30ರ ಹೊತ್ತಿಗೆ 5:13ರ ಹತ್ತಿರ ಬಂದಿತ್ತು. ಹದಿನೇಳು ನಿಮಿಷಕ್ಕಿಂತ ಜಾಸ್ತಿ. ಇಫ್ತಾರ್ ಹಾಗೇ ಇದೆಯಲ್ಲ, ಸಹರಿಯೂ ಹಾಗೇ ಇರುತ್ತೆ ಅಂದುಕೊಂಡವರು ತಿಂಗಳ ಕೊನೆಗೆ ಬೆಳಕು ಹರಿದಮೇಲೆ ತಟ್ಟೆ ಮುಂದೆ ಕೂತಿರ್ತಾರೆ.

ಇದಕ್ಕೆ ಕಾರಣ ಎರಡು ಚಲನೆಗಳು ಒಟ್ಟಿಗೆ ನಡೆಯೋದು. ಮಾರ್ಚ್‌ನಲ್ಲಿ ಹಗಲು ಬೆಳೆಯುತ್ತಾ ಹೋಗುತ್ತೆ, ಆ ನಾಲ್ಕು ವಾರದಲ್ಲಿ ಬೆಳಗ್ಗೆ ಹತ್ತು ನಿಮಿಷ ಮುಂಚೆ, ಸಂಜೆ ಹತ್ತು ನಿಮಿಷ ತಡ. ಅದರ ಜೊತೆಗೆ ಸೂರ್ಯ ನೆತ್ತಿಗೆ ಬರೋ ಹೊತ್ತೇ ಮುಂದಕ್ಕೆ ಬರುತ್ತೆ. ಹಾಸನದಲ್ಲಿ ಮಾರ್ಚ್ 2ರಂದು ಸೂರ್ಯ ನೆತ್ತಿಯ ನೇರಕ್ಕೆ ಬಂದದ್ದು ಮಧ್ಯಾಹ್ನ 12:38ಕ್ಕೆ, ಮಾರ್ಚ್ 30ರಂದು 12:30ಕ್ಕೆ. ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಓಡಲ್ಲ, ಅದರ ಅಕ್ಷವೂ ವಾಲಿದೆ, ಅದಕ್ಕೇ ಹೀಗೆ. ಅಂದರೆ ಇಡೀ ದಿನ ಎಂಟು ನಿಮಿಷ ಮುಂಚೆಗೆ ಸರಿಯಿತು. ಸಂಜೆ ಹತ್ತು ಕೂಡಿ ಎಂಟು ಕಳೆದರೆ ಎರಡು. ಬೆಳಗ್ಗೆ ಹತ್ತು ಮತ್ತು ಎಂಟು ಎರಡೂ ಒಂದೇ ಕಡೆ ಎಳೆಯುತ್ತವೆ, ಹದಿನೆಂಟು. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯೋದರಿಂದ ಹೋದ ವರ್ಷದ ಸಾಲನ್ನ ನಕಲು ಮಾಡೋಕೂ ಆಗಲ್ಲ.

ಪಟ್ಟಿ ಬಿಡಿ, ಆ್ಯಪ್ ಇದೆ, ಅದು ಜಾಗ ತಾನೇ ಕಂಡುಹಿಡಿಯುತ್ತೆ ಅಂತ ಹೇಳೋರು ಇದ್ದಾರೆ. ಆ್ಯಪ್‌ಗಳ ಬಗ್ಗೆ ನನಗೆ ತಕರಾರಿಲ್ಲ, ನಾನೂ ಬಳಸ್ತೀನಿ. ಆದರೆ ಅದರೊಳಗೆ ಒಂದು ಸೆಟ್ಟಿಂಗ್ ಇದೆ, ಅದನ್ನ ಯಾರೂ ತೆಗೆದು ನೋಡಿರಲ್ಲ. ಸೂರ್ಯಾಸ್ತದಲ್ಲಿ ಯಾವ ಭಿನ್ನಾಭಿಪ್ರಾಯವೂ ಇಲ್ಲ, ಸೂರ್ಯನ ಮೇಲಂಚು ದಿಗಂತದ ಕೆಳಗೆ ಹೋದರೆ ಮುಗೀತು. ಫಜ್ರ್ ಹಾಗಲ್ಲ. ಪೂರ್ವದ ಅಂಚಿನಲ್ಲಿ ಅಡ್ಡಕ್ಕೆ ಹರಡೋ ಮೊದಲ ಬಿಳಿ ಬೆಳಕು ಅದು. ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಕೆಳಗಿದ್ದಾಗ ಆ ಬೆಳಕು ಕಾಣುತ್ತೆ ಅನ್ನೋದರಲ್ಲಿ ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಸಂಖ್ಯೆ ಇಟ್ಟುಕೊಂಡಿವೆ. ನಮ್ಮ ಉಪಖಂಡದಲ್ಲಿ ಹೆಚ್ಚಾಗಿ ನಡೆಯೋದು 18 ಡಿಗ್ರಿ. ಆ್ಯಪ್‌ನಲ್ಲಿ ಅದು `University of Islamic Sciences, Karachi` ಅನ್ನೋ ಹೆಸರಲ್ಲಿ ಇರುತ್ತೆ. ಉತ್ತರ ಅಮೆರಿಕದಲ್ಲಿ ಬಳಸೋ `ISNA` ಅನ್ನೋದು 15 ಡಿಗ್ರಿ. ಆ್ಯಪ್ ಹಾಕಿಕೊಂಡಾಗ ತಾನಾಗಿ ಆಯ್ಕೆಯಾಗಿರೋದು ಯಾವುದು ಅಂತ ತೆಗೆದು ನೋಡಿದರೇ ಗೊತ್ತಾಗೋದು.

ಮೂರು ಡಿಗ್ರಿ ಅಂದರೆ ಹಾಸನದಲ್ಲಿ ಮಾರ್ಚ್ ತಿಂಗಳಲ್ಲಿ ಹನ್ನೆರಡು ನಿಮಿಷ. 5:30ಕ್ಕೆ ಬಾಯಿ ಮುಚ್ಚಬೇಕಾದವರು 5:42ರವರೆಗೂ ಚಹಾ ಕುಡಿಯಬಹುದು ಅಂದುಕೊಳ್ತಾರೆ. ಬೆಂಗಳೂರಿನ ಪಟ್ಟಿ, ಮಂಗಳೂರಿನ ಪಟ್ಟಿ ಎರಡಕ್ಕಿಂತಲೂ ದೊಡ್ಡ ವ್ಯತ್ಯಾಸ ಇದು, ಅದೂ ಊರಿನ ಹೆಸರು ಸರಿಯಾಗಿ ಬರೆದಿರುವಾಗ. ಹಾಗಾಗಿ ಕಣ್ಣಿಗೆ ಬೀಳಲ್ಲ.

ಕಂಡುಹಿಡಿಯೋಕೆ ಒಂದು ಸುಲಭ ದಾರಿ ಇದೆ. ಫೋನಿನ ಹವಾಮಾನದ ಪುಟದಲ್ಲಿ ನಿಮ್ಮ ಊರಿನ ಸೂರ್ಯೋದಯ ನೋಡಿ. ನಮ್ಮ ಕಡೆ ಮಾರ್ಚ್‌ನಲ್ಲಿ 18 ಡಿಗ್ರಿಯ ಲೆಕ್ಕದಲ್ಲಿ ಫಜ್ರ್‌ಗೂ ಸೂರ್ಯೋದಯಕ್ಕೂ ನಡುವೆ ಒಂದು ಗಂಟೆ ಹತ್ತು ನಿಮಿಷದಷ್ಟು ಇರುತ್ತೆ. ನಿಮ್ಮ ಆ್ಯಪ್‌ನಲ್ಲಿ ಆ ಅಂತರ ಒಂದು ಗಂಟೆಗಿಂತ ಕಡಿಮೆ ಬಂದರೆ ಅದು 15 ಡಿಗ್ರಿಯಲ್ಲಿ ಕೂತಿದೆ ಅಂತ ಅರ್ಥ. ಸಂಜೆಯದ್ದು ಇನ್ನೂ ಸುಲಭ. ಅದೇ ಪುಟದಲ್ಲಿ ಸೂರ್ಯಾಸ್ತ ಎಷ್ಟಕ್ಕಿದೆಯೋ ಅದಕ್ಕಿಂತ ಮುಂಚೆ ಯಾವ ಪಟ್ಟಿ ಇಫ್ತಾರ್ ಹೇಳಿದರೂ ಅದು ನಿಮ್ಮ ಊರಿನ ಪಟ್ಟಿ ಅಲ್ಲ. ಅಂದಹಾಗೆ, ಆ್ಯಪ್‌ನಲ್ಲಿ ಹನಫಿ, ಶಾಫಿ ಅಂತ ಕೇಳುತ್ತಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದು ಬದಲಾಯಿಸೋದು ಅಸರ್ ನಮಾಜಿನ ಹೊತ್ತನ್ನ ಮಾತ್ರ, ಸಹರಿ ಇಫ್ತಾರ್‌ಗೆ ಸಂಬಂಧ ಇಲ್ಲ.

ಆಕಾಶ ನೋಡಿದರೆ ಆಗಲ್ವಾ ಅಂತ ಅರಕಲಗೂಡಿನ ನಮ್ಮ ಚಾಚಾ ಪ್ರತಿ ವರ್ಷ ಕೇಳ್ತಾರೆ. ಹಳೆಯ ಕಾಲದಲ್ಲಿ ಹಾಗೇ ತಾನೇ ಮಾಡ್ತಿದ್ದದ್ದು. ಆಗುತ್ತೆ, ಪಶ್ಚಿಮಕ್ಕೆ ಬಯಲು ಇದ್ದರೆ. ಗುಡ್ಡ ಇದ್ದರೆ ಸೂರ್ಯ ಅದರ ಹಿಂದೆ ಹೋದದ್ದನ್ನ ಮುಳುಗಿದ ಅಂತ ಲೆಕ್ಕ ಹಿಡಿಯೋಕೆ ಆಗಲ್ಲ, ಗುಡ್ಡದ ಆಚೆ ಬದಿಗೆ ಇನ್ನೂ ಬಿಸಿಲು ಬೀಳ್ತಿರುತ್ತೆ. ಎತ್ತರದ್ದು ಇನ್ನೊಂದು ತಮಾಷೆ. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಸುತ್ತಲಿನ ಬಯಲಿಗಿಂತ ಸುಮಾರು 470 ಅಡಿ ಎತ್ತರ. ಮೇಲೆ ನಿಂತವರಿಗೆ ದಿಗಂತ ಇನ್ನಷ್ಟು ಕೆಳಗೆ ಕಾಣೋದರಿಂದ ಕೆಳಗೆ ಊರಲ್ಲಿ ಸೂರ್ಯ ಮುಳುಗಿ ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಅವನು ಕಾಣ್ತಾನೆ. ಹಾಗಂತ ಹಾಸನ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ, ನಮಗೆ ತುಂಬಾ ತಡ ಆಗಬೇಕಲ್ವಾ ಅಂತ ಯಾರೋ ಕೇಳಿದ್ದರು. ಇಲ್ಲ. ಸುತ್ತಲಿನ ನೆಲವೂ ಅಷ್ಟೇ ಎತ್ತರದಲ್ಲಿದೆ, ದಿಗಂತವೂ ನಮ್ಮ ಜೊತೆಗೇ ಮೇಲೆ ಬಂದಿದೆ.

ಬೆಳಗಿನದ್ದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಅಜಾನ್ ಮುಗಿಯೋವರೆಗೂ ತಿನ್ನಬಹುದು ಅಂತ ತುಂಬಾ ಮನೆಗಳಲ್ಲಿ ನಂಬಿಕೆ ಇದೆ. ಅಜಾನ್ ಅನ್ನೋದು ಫಜ್ರ್ ಶುರುವಾದ ಮೇಲೆ ಕೊಡೋದು. ಸಹರಿ ಮುಗಿಯೋದು ಫಜ್ರ್ ಶುರುವಾದಾಗ. ಎಷ್ಟೋ ಮಸೀದಿಗಳಲ್ಲಿ ಪಟ್ಟಿಯ ಹೊತ್ತಿಗಿಂತ ಕೆಲವು ನಿಮಿಷ ಬಿಟ್ಟು ಅಜಾನ್ ಕೊಡ್ತಾರೆ. ಹಾಗಾಗಿ ಅಜಾನ್‌ಗೆ ಕಾದು ಕೊನೆಯ ಗುಟುಕು ನೀರು ಕುಡಿಯೋರು ಹೊತ್ತು ಮೀರಿಯೇ ಕುಡಿದಿರ್ತಾರೆ. ನಾನು ಸಾಲಿನಲ್ಲಿ 'ಸಹರಿ ಅಜಾನ್' ಅಂತ ಬರೆಯದೆ 'ಸಹರಿ ಮುಕ್ತಾಯ' ಅಂತ ಬರೆಯೋದು ಅದಕ್ಕೇ.

ಈ ಲೆಕ್ಕ ಎಲ್ಲಕ್ಕಿಂತ ಹೆಚ್ಚು ಬೇಕಾಗೋದು ಬಸ್ಸಿನಲ್ಲಿ ಕೂತವರಿಗೆ. ಶುಕ್ರವಾರ ಸಂಜೆ ಬೆಂಗಳೂರಿಂದ ಹಾಸನಕ್ಕೆ ಬರೋರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ನೋಡಿ. ನನ್ನ ತಮ್ಮ ಅವರಲ್ಲೊಬ್ಬ. 2025ರ ಮಾರ್ಚ್ 7ರಂದು ನಾಲ್ಕು ಗಂಟೆಗೆ ಮೆಜೆಸ್ಟಿಕ್ ಬಿಟ್ಟ. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್ ದಾಟಿ ಹಿರೀಸಾವೆ ಹತ್ತಿರ ಬರೋ ಹೊತ್ತಿಗೆ ಫೋನ್ ಕೂಗಿತು, 6:29. ಅದು ಬೆಳಗ್ಗೆ ರೂಮಿನಲ್ಲಿ ಲೆಕ್ಕ ಹಾಕಿಟ್ಟುಕೊಂಡ ಬೆಂಗಳೂರಿನ ಹೊತ್ತು. ಪಕ್ಕದ ಸೀಟಿನವರು ಬಾಳೆಹಣ್ಣು ಸುಲಿದು ಅವನಿಗೂ ಒಂದು ಕೊಟ್ಟರು. ಅವನು ಕಿಟಕಿಯಿಂದ ನೋಡಿದ, ಬಸ್ಸಿನ ಮುಂದಿನ ಗಾಜಿನ ತುಂಬಾ ಬಿಸಿಲು. ಪಶ್ಚಿಮಕ್ಕೆ ಓಡೋ ಬಸ್ಸಿನಲ್ಲಿ ಸೂರ್ಯ ಎದುರಿಗೇ ಇರ್ತಾನೆ, ಅದೊಂದು ಅನುಕೂಲ. 'ನಾಲ್ಕು ನಿಮಿಷ ತಡೀರಿ ಭಾಯ್, ನಾವೀಗ ಹಾಸನ ಜಿಲ್ಲೆಯಲ್ಲಿದ್ದೀವಿ' ಅಂದನಂತೆ. ಆ ಮನುಷ್ಯ ಇವನನ್ನೂ ನೋಡಿ ಸೂರ್ಯನನ್ನೂ ನೋಡಿ ಸುಲಿದ ಹಣ್ಣನ್ನ ಹಾಗೇ ಹಿಡಿದುಕೊಂಡು ಕೂತರು. ಹಿರೀಸಾವೆ ಕಡೆ ಅವತ್ತು ಸೂರ್ಯ ಮುಳುಗಿದ್ದು 6:34ರ ಸುಮಾರಿಗೆ. ನಿಯಮ ಇಷ್ಟೇ: ಸೂರ್ಯ ಮುಳುಗುವಾಗ ನೀವು ಎಲ್ಲಿದ್ದೀರೋ ಆ ಜಾಗದ ಹೊತ್ತು. ಹೊರಟ ಊರಿನದೂ ಅಲ್ಲ, ಇಳಿಯೋ ಊರಿನದೂ ಅಲ್ಲ. ಭಾನುವಾರ ಸಂಜೆ ವಾಪಸ್ ಹೋಗುವಾಗ ಇದು ನಿಮ್ಮ ಪರವಾಗಿ ಕೆಲಸ ಮಾಡುತ್ತೆ, ಸೂರ್ಯ ನಿಮಗೆ ಸ್ವಲ್ಪ ಬೇಗ ಮುಳುಗುತ್ತಾನೆ.

ಖಾಲಾ ವಿಷಯವನ್ನ ನಮ್ಮ ಮೌಲಾನಾ ಅವರ ಹತ್ತಿರ ಕೇಳಿದೆವು. ಕಾಗದದ ಹೊತ್ತಿಗೇ ಬಿಟ್ಟದ್ದು ಎಷ್ಟು ದಿನ ಅಂತ ಮೊದಲು ಅವರು ಕೇಳಿದರು. ಖಾಲಾ ಬೆರಳು ಮಡಚಿ ಲೆಕ್ಕ ಹಾಕಿದರು. ಎರಡು ದಿನ ಮಗಳ ಮನೆಗೆ ಊರೊಳಗೆ ಹೋಗಿದ್ದು ನೆನಪಾಯ್ತು, ಅಲ್ಲಿ ಅಜಾನ್ ಕೇಳಿಯೇ ಬಿಟ್ಟದ್ದು. ಆ ಎರಡು ಸರಿ, ಉಳಿದ ಏಳು ಕಜಾ ಅಂದರು. ಒಟ್ಟಿಗೆ ಇಡಬೇಕಾಗಿಲ್ಲ, ಈದ್‌ನ ದಿನಗಳನ್ನ ಬಿಟ್ಟು ಮುಂದಿನ ರಂಜಾನ್‌ನೊಳಗೆ ಯಾವಾಗ ಬೇಕಾದರೂ ಆಗುತ್ತೆ ಅಂತಲೂ ಹೇಳಿದರು. ಖಾಲಾ ಡಿಸೆಂಬರ್ ಆರಿಸಿಕೊಂಡರು. ಅದರಲ್ಲಿ ಲೆಕ್ಕ ಇದೆ. ಮಾರ್ಚ್ ಕೊನೆಯಲ್ಲಿ ಹಾಸನದಲ್ಲಿ ಉಪವಾಸ ಹದಿಮೂರು ಗಂಟೆ ಇಪ್ಪತ್ತೈದು ನಿಮಿಷದಷ್ಟು. ಡಿಸೆಂಬರ್‌ನಲ್ಲಿ ಹನ್ನೆರಡು ಗಂಟೆ ನಲವತ್ತು ನಿಮಿಷ. ಮುಕ್ಕಾಲು ಗಂಟೆ ಉಳಿತಾಯ, ಜೊತೆಗೆ ಚಳಿಯಲ್ಲಿ ಬಾಯಾರಲ್ಲ. ಮಾತ್ರೆ ಹೊತ್ತನ್ನ ಡಾಕ್ಟರ್ ಹತ್ತಿರ ಬದಲಾಯಿಸಿಕೊಂಡು ವಾರಕ್ಕೆ ಎರಡರಂತೆ ಮುಗಿಸಿದರು. ಹಸಿರು ಅಂಚಿನ ಕಾಗದ ಈಗಲೂ ಬಾಗಿಲ ಮೇಲೇ ಇದೆ, ಅದರ ಮೇಲೆ 'ಬೆಂಗಳೂರು' ಅಂತ ಪೆನ್ನಿನಲ್ಲಿ ದಪ್ಪಗೆ ಬರೆದಿದ್ದಾರೆ.

ತಿಂಗಳಲ್ಲಿ ಒಂದೇ ಒಂದು ದಿನದ ಸಾಲನ್ನ ಲೆಕ್ಕ ಹಾಕಿ ಮೊದಲೇ ಬರೆದಿಡೋಕೆ ಆಗಲ್ಲ. ಇಪ್ಪತ್ತೊಂಬತ್ತನೇ ಉಪವಾಸದ ಮರುದಿನದ್ದು. ಚಂದ್ರ ಕಂಡರೆ ಈದ್, ಕಾಣದಿದ್ದರೆ ಮೂವತ್ತನೇ ರೋಜಾ. ಕರಾವಳಿಯವರು ಕೇರಳದ ಚಂದ್ರದರ್ಶನವನ್ನ ಅನುಸರಿಸೋದರಿಂದ ಅಲ್ಲಿಗೂ ನಮಗೂ ದಿನವೇ ಬೇರೆ ಆಗೋದುಂಟು. 2024ರಲ್ಲಿ ಮಂಗಳೂರಿನ ಕಡೆ ಏಪ್ರಿಲ್ 10ರಂದು ಈದ್ ಮುಗಿದಿತ್ತು, ನಮ್ಮಲ್ಲಿ ಅವತ್ತು ಇನ್ನೂ ಉಪವಾಸ. ಹಾಗಾಗಿ 2025ರ ಮಾರ್ಚ್ 30ರ ಸಂಜೆ ನಾನು ಎರಡು ವಿಡಿಯೋ, ಎರಡು ಸಾಲು ಸಿದ್ಧ ಮಾಡಿಟ್ಟುಕೊಂಡು ಕೂತಿದ್ದೆ. ಒಂದರಲ್ಲಿ ಸಹರಿ ಮುಕ್ತಾಯ 5:08, ಇನ್ನೊಂದರಲ್ಲಿ ಈದ್ ನಮಾಜಿಗೆ ನಿಮ್ಮ ಮಸೀದಿಯಲ್ಲಿ ಕೇಳಿಕೊಳ್ಳಿ ಅಂತ. ಇಫ್ತಾರ್ ಆಗಿ, ಮಗ್ರಿಬ್ ಆಗಿ, ಸ್ವಲ್ಪ ಹೊತ್ತಿಗೆ ಚಂದ್ರನ ಸುದ್ದಿ ಬಂತು. ಎರಡನೆಯದನ್ನ ಕಳಿಸಿದೆ.